ತಲೆಯಲ್ಲಿ ಸ್ವರ, ಕಾಲಲ್ಲಿ ಒತ್ತು

ನನಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಅಪ್ಪ ಅಮ್ಮ ಗದಗಿನ ಕಡೆಯವರು, ನಾನು ಬೆಳೆದದ್ದು ಪುಣೆಯಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಮತ್ತು ಇಂಗ್ಲಿಷ್. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದು ಬನಶಂಕರಿ ಹತ್ತಿರ ಮನೆ ಮಾಡಿದ ಮೇಲೆ ಲಿಪಿ ಕಲಿಯಲೇಬೇಕು ಅನ್ನಿಸಿತು. ಒಂದನೇ ಕ್ಲಾಸಿನ ಪುಸ್ತಕ ತಂದು ‘ಅ ಅರಸ, ಆ ಆನೆ’ ಅಂತ ತಿದ್ದುವ ತಾಳ್ಮೆ ನನಗಿರಲಿಲ್ಲ. ಹಾಗಾಗಿ ಬೋರ್ಡುಗಳನ್ನು ಹಿಡಿದುಕೊಂಡೆ.

ಈ ಊರಿನಲ್ಲಿ ಬೋರ್ಡಿಗೆ ಬರವಿಲ್ಲ. ಬಹಳಷ್ಟು ಬೋರ್ಡುಗಳಲ್ಲಿ ಮೇಲೆ ಕನ್ನಡ, ಕೆಳಗೆ ಇಂಗ್ಲಿಷ್ ಇರುತ್ತದೆ. ಕನ್ನಡ ಓದಿ, ಆಮೇಲೆ ಇಂಗ್ಲಿಷ್ ನೋಡಿದರೆ ಉತ್ತರ ಅಲ್ಲೇ ಸಿಗುತ್ತದೆ. ಮೆಟ್ರೋದಲ್ಲಿ ಹಿಂದಿಯೂ ಇತ್ತಂತೆ, 2017ರ ಗಲಾಟೆಯ ನಂತರ ತೆಗೆದರು. ನನಗಂತೂ ಅದು ಒಳ್ಳೆಯದೇ ಆಯಿತು. ದೇವನಾಗರಿ ಕಣ್ಣಿಗೆ ಬಿದ್ದಿದ್ದರೆ ಅದನ್ನೇ ಓದಿಕೊಂಡು ಸುಮ್ಮನಾಗಿಬಿಡುತ್ತಿದ್ದೆ. ಆಫೀಸಿಗೆ ದಿನಾ ಹಸಿರು ಮಾರ್ಗದಲ್ಲಿ ಬನಶಂಕರಿಯಿಂದ ಮೆಜೆಸ್ಟಿಕ್‌ಗೆ ಹೋಗುತ್ತಿದ್ದೆ. ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಕಂಡ ಬೋರ್ಡನ್ನು ಇದ್ದ ಹಾಗೆ ಬರೆದುಕೊಳ್ಳುವುದು, ಪಕ್ಕದಲ್ಲಿ ಅದರ ಉಚ್ಚಾರ, ಅದರ ಪಕ್ಕದಲ್ಲಿ ನಮ್ಮ ಮನೆಯ ಕನ್ನಡದಲ್ಲಿ ಅರ್ಥ. ‘ವಾಹನ ನಿಲುಗಡೆ ನಿಷೇಧಿಸಲಾಗಿದೆ’ ಅನ್ನುವುದಕ್ಕೆ ‘ಇಲ್ಲಿ ಗಾಡಿ ನಿಲ್ಲಿಸಬ್ಯಾಡ್ರಿ’ ಅಂತ. ಸಂಜೆ ಆ ಪುಸ್ತಕ ಕೆಳಗಿನ ಮನೆಗೆ ಹೋಗುತ್ತಿತ್ತು. ನಮ್ಮ ಓನರ್ ಆಂಟಿ ಸರ್ಕಾರಿ ಶಾಲೆಯಲ್ಲಿ ಒಂದನೇ, ಎರಡನೇ ಕ್ಲಾಸಿಗೆ ಪಾಠ ಮಾಡಿ ನಿವೃತ್ತರಾದವರು. ಪೆನ್ಸಿಲ್ ಇಟ್ಟುಕೊಂಡೇ ಕಾಯುತ್ತಿದ್ದರು.

ಮೊದಲು ಓದಿದ ಪೂರ್ತಿ ಹೆಸರು ‘ಜಯನಗರ’. ಐದೂ ಅಕ್ಷರ ಬರಿಯವು. ಸ್ವರದ ಗುರುತಿಲ್ಲ, ಒತ್ತಿಲ್ಲ. ಆದರೆ ಅಲ್ಲೂ ಒಂದು ಪಾಠ ಇತ್ತು. ಮರಾಠಿ, ಹಿಂದಿ ಓದುವವರು ಕೊನೆಯ ಅಕ್ಷರದ ‘ಅ’ವನ್ನು ನುಂಗಿಬಿಡುತ್ತಾರೆ. ‘ನಗರ’ ಅಂತ ಬರೆದು ‘ನಗರ್’ ಅನ್ನುತ್ತಾರೆ. ಕೆಳಗಿನ ಇಂಗ್ಲಿಷ್ ಕೂಡ Jayanagar ಅಂತಲೇ ಕೊನೆಯಾಗುತ್ತದೆ. ಕನ್ನಡದಲ್ಲಿ ಹಾಗಿಲ್ಲ. ಅಕ್ಷರದ ಮೇಲೆ ಬೇರೆ ಗುರುತು ಇಲ್ಲ ಅಂದರೆ ಅದರಲ್ಲಿ ‘ಅ’ ಇದ್ದೇ ಇದೆ, ಅದನ್ನು ಹೇಳಲೇಬೇಕು. ‘ಅ’ ಬೇಡ ಅಂದರೆ ಬೇಡ ಅಂತ ಬರೆದು ತೋರಿಸಬೇಕು. ‘ಬಸ್’, ‘ಸೌತ್ ಎಂಡ್ ಸರ್ಕಲ್’, ‘ಲಾಲ್‌ಬಾಗ್’ ಇವುಗಳ ಕೊನೆಯಲ್ಲಿ ತಲೆಯ ಮೇಲೆ ಬಲಕ್ಕೆ ಎದ್ದು ನಿಲ್ಲುವ ಗುರುತು ಅದೇ. ಮರಾಠಿಯಲ್ಲಿ ‘ಬಸ’ ಅಂತ ಬರೆದರೂ ‘ಬಸ್’ ಅಂತ ಓದುತ್ತೇವೆ, ಆ ಗುರುತು ಅಪರೂಪ. ಇಲ್ಲಿ ಇಂಗ್ಲಿಷ್ ಪದ ಇರುವ ಅಂಗಡಿ ಬೋರ್ಡುಗಳ ತುಂಬ ಅದೇ ಯಾಕೆ ಅನ್ನುವುದು ಆಗ ಹೊಳೆಯಿತು.

ಸ್ವರಗಳ ಗುರುತನ್ನು ನಾನು ಮೊದಲು ಸುಮ್ನೆ ಬಾಯಿಪಾಠ ಮಾಡಲು ಹೋದೆ. ಆಂಟಿ ತಡೆದರು. ‘ಮೊದ್ಲು ತಲೆ ನೋಡಮ್ಮಾ’ ಅಂದರು. ಕ ಬರೆದು ಅದರ ಮೇಲಿನ ಸಣ್ಣ ಗೀಟು ತೋರಿಸಿದರು. ‘ಇದು ತಲಕಟ್ಟು. ಇದು ಇದ್ಯೋ ಹೋಯ್ತೋ ಅಷ್ಟು ನೋಡು.’ ಆಮೇಲೆ ಶಾಲೆಯ ರಾಗದಲ್ಲೇ ಹೇಳಿದರು: ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ, ಕ ಕೊಂಬು ಕು, ಕ ಕೊಂಬಿನ ಇಳಿ ಕೂ, ಕ ಏತ್ವ ಕೆ. ಬೆಂಗಳೂರಿನ ಮಕ್ಕಳು ಹುಟ್ಟಾ ಕೇಳಿರುವ ಈ ಹಾಡನ್ನು ನಾನು ಕೇಳಿದ್ದು ಇಪ್ಪತ್ತು ದಾಟಿದ ಮೇಲೆ.

ತಲೆ ನೋಡುವುದು ನಿಜಕ್ಕೂ ಕೆಲಸಕ್ಕೆ ಬಂತು. ಕು, ಕೂ ಅನ್ನುವಾಗ ತಲಕಟ್ಟು ಹಾಗೇ ಉಳಿಯುತ್ತದೆ, ಕೊಂಬು ಬಲಗಡೆ ಬಂದು ಅಂಟಿಕೊಳ್ಳುತ್ತದೆ. ಕಿ ಅನ್ನುವಾಗ ತಲಕಟ್ಟು ಹೋಗಿ ದುಂಡನೆಯ ಗುಡಿಸು ಬರುತ್ತದೆ. ಕೆ ಅನ್ನುವಾಗಲೂ ತಲಕಟ್ಟು ಹೋಗುತ್ತದೆ, ಏತ್ವ ಬರುತ್ತದೆ. ಅಂದರೆ ತಲೆಯಲ್ಲಿ ಗೀಟು ಉಳಿದಿದ್ದರೆ ಅಕ್ಷರದ ಸ್ವರ ಅ, ಉ, ಊ ಇವುಗಳಲ್ಲಿ ಒಂದು, ಅಥವಾ ‘ಕೃ’ದಲ್ಲಿರುವ ವಟ್ರಸುಳಿ. ತಲೆ ಬದಲಾಗಿದ್ದರೆ ಬೇರೆ ಏನೋ. ಜ, ಟ, ಣ, ಬ, ಲ ಇಂಥ ಕೆಲವಕ್ಕೆ ತಲಕಟ್ಟೇ ಇಲ್ಲ, ಅವನ್ನು ಹಾಗೇ ಗುರುತು ಇಟ್ಟುಕೊಳ್ಳಬೇಕು.

ನನಗೆ ಜಾಸ್ತಿ ಕಾಡಿದ್ದು ಒ ಮತ್ತು ಓ. ‘ಕೊ’ ನೋಡಿದಾಗ ಅದರಲ್ಲಿ ‘ಕೆ’ ಕಾಣುತ್ತಿತ್ತು, ‘ಕೂ’ ಕೂಡ ಕಾಣುತ್ತಿತ್ತು. ಎರಡರಲ್ಲಿ ಯಾವುದು ಅಂತ ಆಂಟಿಯನ್ನು ಕೇಳಿದೆ. ‘ಎರಡೂ’ ಅಂದರು. ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಅವರು ಕೆ ಬರೆದು, ಅದರ ಬಲಕ್ಕೆ ಕೂವಿನ ಬಾಲ ಎಳೆದರು. ಕೊ ಆಯಿತು. ಅದರ ಮುಂದೆ ದೀರ್ಘದ ಕೊಕ್ಕೆ ಹಾಕಿದರು. ಕೋ ಆಯಿತು. ತಲೆ ಕೆ, ಬಾಲ ಕೂ. ಕಂಪ್ಯೂಟರಿನ ಯುನಿಕೋಡ್ ಕೂಡ ಈ ಗುರುತನ್ನು ಹೀಗೇ ಬಿಡಿಸಿ ಇಟ್ಟಿದೆ ಅಂತ ಆಮೇಲೆ ಗೊತ್ತಾಯಿತು: ಕೊದ ಗುರುತು ಅಂದರೆ ಏತ್ವ ಮತ್ತು ಊ ಗುರುತು ಸೇರಿದ್ದು. ಆ ದೀರ್ಘದ ಕೊಕ್ಕೆಯೂ ಒಂದೇ. ಕೀ, ಕೇ, ಕೋ ಮೂರರ ಬಲಕ್ಕೂ ಅದೇ ಬರುತ್ತದೆ. ಇಷ್ಟು ತಿಳಿದ ಮೇಲೆ ಹನ್ನೆರಡು ಹದಿಮೂರು ಗುರುತು ಅಂತ ಇದ್ದದ್ದು ಅರ್ಧಕ್ಕೆ ಇಳಿಯಿತು.

ಈ ಕೊಕ್ಕೆ ದೇವನಾಗರಿ ಕಲಿತವರಿಗೆ ದೊಡ್ಡ ವಿಷಯ. ಮರಾಠಿಯಲ್ಲಿ ಎ, ಏ ಅಂತ ಬೇರೆ ಬೇರೆ ಬರೆಯುವ ಪದ್ಧತಿ ಇಲ್ಲ. ‘ಚಿಕ್ಕಪೇಟೆ’ ಸ್ಟೇಷನ್ನಿನ ಬೋರ್ಡಿನಲ್ಲಿ ‘ಪೇ’ಗೆ ಕೊಕ್ಕೆ ಇದೆ, ‘ಟೆ’ಗೆ ಇಲ್ಲ. ‘ಕೆಂಪೇಗೌಡ’ದಲ್ಲಿ ಕೆಂ ಗಿಡ್ಡ, ಪೇ ಉದ್ದ. ಇಂಗ್ಲಿಷ್ ಇಲ್ಲಿ ಸಹಾಯಕ್ಕೆ ಬರುವುದಿಲ್ಲ, ಅದರಲ್ಲಿ ಎರಡಕ್ಕೂ ಒಂದೇ e. ಕಿವಿಗೆ ಕನ್ನಡ ಗೊತ್ತಿದ್ದರಿಂದ ನಾನು ಬಚಾವಾದೆ. ಬರಿಯ ಇಂಗ್ಲಿಷ್ ನೋಡಿ ಕಲಿಯುವವರಿಗೆ ಇದು ಬಹಳ ದಿನ ಸಿಕ್ಕುವುದಿಲ್ಲ.

ಇನ್ನೊಂದು ಪ್ರಶ್ನೆ ಪಬ್ಲಿಕ್ ಟಾಯ್ಲೆಟ್ಟಿನ ಬೋರ್ಡಿನಿಂದ ಹುಟ್ಟಿತು. ‘ಪುರುಷರು’ ಅಂತ ಬರೆದಿದ್ದರು. ರು ಬರೆಯುವಾಗ ಕೊಂಬು ಬಲಗಡೆ ಇದೆ, ಪು ಬರೆಯುವಾಗ ಮಾತ್ರ ಅದು ಅಡಿಯಿಂದ ಬಂದಿದೆ. ಪೇಂಟರ್ ಜಾಗ ಇಲ್ಲದೆ ಹೀಗೆ ಮಾಡಿದನೇ? ಆಂಟಿ ನನ್ನ ಕೈಯಲ್ಲೇ ವ ಬರೆಸಿದರು. ‘ಈಗ ಬಲಗಡೆ ಕೊಂಬು ಹಾಕು’ ಅಂದರು. ಹಾಕಿದೆ. ಮ ಆಗಿಹೋಯಿತು! ‘ತಿರುವು’ ಅಂತ ಬರೆಯಲು ಹೋದರೆ ‘ತಿರುಮ’ ಆಗುತ್ತದೆ. ಅದಕ್ಕೇ ವು, ಪು ಬರೆಯುವಾಗ ಕೊಂಬನ್ನು ಕೆಳಗಿನಿಂದ ಎಳೆಯುತ್ತಾರೆ. ಫು ಕೂಡ ಹಾಗೇ. ಈ ವಿಷಯ ನನ್ನ ಆಫೀಸಿನ ಅಚ್ಚ ಬೆಂಗಳೂರಿಗರಿಗೂ ಗೊತ್ತಿರಲಿಲ್ಲ. ಅವರು ಹಾಗೇ ಬರೆಯುತ್ತಾರೆ, ಯಾಕೆ ಅಂತ ಕೇಳಿಲ್ಲ ಅಷ್ಟೇ.

ಇಷ್ಟರ ಬಲದ ಮೇಲೆ ‘ಇಲ್ಲಿ ಕಸ ಹಾಕಬಾರದು’, ‘ಮನೆ ಬಾಡಿಗೆಗೆ ಇದೆ’, ‘ಎಳನೀರು’ ಎಲ್ಲ ಓದಬಹುದಿತ್ತು. ‘ಇಲ್ಲಿ’ಯ ಅಡಿಯಲ್ಲಿದ್ದ ಸಣ್ಣ ಬಾಲವನ್ನು ಊಹೆಯ ಮೇಲೆ ದಾಟಿಕೊಂಡಿದ್ದೆ. ನಿಜವಾದ ತೊಡಕು ‘ರಸ್ತೆ’ಯಿಂದ ಶುರುವಾಯಿತು. ಬೆಂಗಳೂರಿನಲ್ಲಿ ಎಲ್ಲಿ ತಿರುಗಿದರೂ ಕಾಣುವ ಪದ. ಮುಖ್ಯ ರಸ್ತೆ, ಅಡ್ಡ ರಸ್ತೆ, ಮೈಸೂರು ರಸ್ತೆ. ಕಣ್ಣಿಗೆ ಕಾಣುವುದು ರ, ಆಮೇಲೆ ಏತ್ವ ಹೊತ್ತ ಸ, ಅಂದರೆ ‘ಸೆ’. ಅದರ ಕೆಳಗೆ ಏನೋ ಒಂದು ಬಳುಕು. ಕಂಡ ಕ್ರಮದಲ್ಲೇ ಓದಿದರೆ ‘ರಸೆತ’ ಆಗಬೇಕು. ಹೇಳುವುದು ರಸ್ತೆ. ‘ನಿಲ್ದಾಣ’ದಲ್ಲೂ ಇದೇ ಕಥೆ. ಕಣ್ಣಿಗೆ ‘ನಿಲಾಣ’, ಲಾ ಕೆಳಗೆ ಪುಟ್ಟ ದ. ದೀರ್ಘ ಕೇಳಿಸುವುದು ದಕ್ಕೆ, ಬರೆದಿರುವುದು ಲಕ್ಕೆ.

ನನ್ನ ತಲೆಯಲ್ಲಿ ಕೂತಿದ್ದ ದೇವನಾಗರಿ ಇಲ್ಲಿ ಪೂರ್ತಿ ಅಡ್ಡ ಬಂತು. ಮರಾಠಿಯ ಜೋಡಾಕ್ಷರದಲ್ಲಿ ಸಾಮಾನ್ಯವಾಗಿ ಮೊದಲ ಅಕ್ಷರ ಅರ್ಧ ಆಗುತ್ತದೆ, ಎರಡನೆಯದು ಪೂರ್ತಿ ನಿಲ್ಲುತ್ತದೆ, ಸ್ವರದ ಗುರುತನ್ನು ಆ ಪೂರ್ತಿ ಅಕ್ಷರದ ಮೇಲೆ ಹಾಕುತ್ತಾರೆ. ಕನ್ನಡದಲ್ಲಿ ಉಲ್ಟಾ. ಮೊದಲನೆಯದು ಪೂರ್ತಿ ಗಾತ್ರದಲ್ಲಿ ನಿಲ್ಲುತ್ತದೆ, ಎರಡನೆಯದು ಚಿಕ್ಕದಾಗಿ ಅದರ ಕಾಲಡಿಗೆ ಒತ್ತಾಗಿ ಹೋಗುತ್ತದೆ. ಸ್ವರದ ಗುರುತಿಗೆ ಕೂರಲು ತಲೆ ಬೇಕಲ್ಲ, ಹಾಗಾಗಿ ಅದು ಮೇಲಿರುವ ಮೊದಲ ಅಕ್ಷರದ ಮೇಲೇ ಕೂರುತ್ತದೆ. ಬಾಯಲ್ಲಿ ಮಾತ್ರ ಅದು ಒತ್ತಿನ ನಂತರವೇ ಬರುತ್ತದೆ.

‘ಹಾಗಾದ್ರೆ ಓದೋ ಕ್ರಮ ಏನು ಆಂಟಿ?’

‘ಮೇಲಿನ ಅಕ್ಷರದ ಸ್ವರ ಬಿಟ್ಟು ಓದು, ಕೆಳಗಿಳಿದು ಒತ್ತು ಓದು, ಮತ್ತೆ ಮೇಲೆ ಹತ್ತಿ ಸ್ವರ ತಗೋ. ಮೆಟ್ಲು ಇಳಿದು ಹತ್ತಿದ ಹಾಗೆ.’

ಸ್, ತ, ಏತ್ವ. ಸ್ತೆ. ಲ್, ದ, ಇಳಿ. ಲ್ದಾ. ಮೊದಮೊದಲು ಬೆರಳಿಟ್ಟು ಇಳಿದು ಹತ್ತುತ್ತಿದ್ದೆ. ಮೆಟ್ರೋದಲ್ಲಿ ಪಕ್ಕದವರು ನೋಡುತ್ತಿದ್ದರು, ನೋಡಲಿ ಬಿಡಿ.

ಇದನ್ನು ಗಟ್ಟಿ ಮಾಡಿದ್ದು ಫೋನಿನ ಕೀಬೋರ್ಡ್. ಒತ್ತಕ್ಷರವನ್ನು ಟೈಪ್ ಮಾಡುವ ಕ್ರಮವೂ ನಾವು ಉಚ್ಚರಿಸುವ ಕ್ರಮವೂ ಒಂದೇ. ಮೊದಲ ಅಕ್ಷರ, ಅದರ ‘ಅ’ ತೆಗೆಯುವ ಗುರುತು, ಎರಡನೆಯ ಅಕ್ಷರ, ಕೊನೆಗೆ ಸ್ವರ. ಎಲ್ಲಿ ಕೂರಿಸಬೇಕು ಅನ್ನುವುದನ್ನು ಫೋನೇ ನೋಡಿಕೊಳ್ಳುತ್ತದೆ.

```
ರ + ಸ + ್ + ತ + ೆ = ರಸ್ತೆ
ನ + ಿ + ಲ + ್ + ದ + ಾ + ಣ = ನಿಲ್ದಾಣ
ಮ + ಾ + ರ + ್ + ಗ = ಮಾರ್ಗ
```

ಒಂದೊಂದೇ ಕೀ ಒತ್ತುತ್ತಾ ನಿಧಾನವಾಗಿ ನೋಡಿದರೆ ಚೆನ್ನಾಗಿ ಕಾಣುತ್ತದೆ. ಸ ಹಾಕಿ, ್ ಹಾಕಿದಾಗ ಸ್ ಆಗುತ್ತದೆ. ತ ಒತ್ತಿದ ಕೂಡಲೇ ಆ ಗುರುತು ಮಾಯವಾಗಿ ಸಕ್ಕೆ ತಲಕಟ್ಟು ವಾಪಸ್ ಬರುತ್ತದೆ, ಕೆಳಗೆ ಒತ್ತು ಬೀಳುತ್ತದೆ. ೆ ಒತ್ತಿದರೆ ತಲೆ ಬದಲಾಗುತ್ತದೆ. ಯಾವುದಾದರೂ ಬೋರ್ಡು ಬಿಡಿಸಲಾಗದಿದ್ದರೆ ನಾನು ಅದನ್ನು ಟೈಪ್ ಮಾಡಿ ನೋಡುತ್ತಿದ್ದೆ. ಬೋರ್ಡಿನಲ್ಲಿದ್ದಂತೆಯೇ ಆಕಾರ ಬಂದರೆ ನನ್ನ ಓದು ಸರಿ.

ಒತ್ತುಗಳ ಆಕಾರ ಕಲಿಯುವುದು ಅಷ್ಟು ಕಷ್ಟ ಆಗಲಿಲ್ಲ. ‘ಚಿಕ್ಕ’, ‘ಅಡ್ಡ’, ‘ಹಳ್ಳಿ’, ‘ಎಚ್ಚರಿಕೆ’ ಇವುಗಳಲ್ಲಿ ಕೆಳಗಿರುವುದು ಅದೇ ಅಕ್ಷರದ ಪುಟ್ಟ ರೂಪ, ತಲಕಟ್ಟು ಇದ್ದರೆ ಅದೊಂದು ಇರುವುದಿಲ್ಲ. ಮೇಲಿನದನ್ನೇ ಹೋಲುತ್ತದೆ. ಹೋಲದೇ ಇರುವವು ಆರು: ತ, ನ, ಮ, ಯ, ರ, ಲ. ಇವುಗಳ ಒತ್ತು ನೋಡಿ ಮೂಲ ಅಕ್ಷರ ಊಹಿಸಲು ಆಗುವುದಿಲ್ಲ, ಕಲಿತೇ ತೀರಬೇಕು. ತೊಂದರೆ ಏನೆಂದರೆ ಈ ಆರೇ ಎಲ್ಲ ಕಡೆ ಬರುತ್ತವೆ. ‘ಕನ್ನಡ’ ಅನ್ನುವ ಪದದಲ್ಲೇ ಒಂದಿದೆ. ನಾನು ಒಂದೊಂದಕ್ಕೂ ದಿನಾ ಕಾಣುವ ಒಂದು ಬೋರ್ಡು ಗೊತ್ತು ಮಾಡಿಕೊಂಡೆ. ತಕ್ಕೆ ‘ರಸ್ತೆ’, ನಕ್ಕೆ ‘ಕನ್ನಡ’, ಮಕ್ಕೆ ‘ನಮ್ಮ ಮೆಟ್ರೋ’, ಯಕ್ಕೆ ‘ಮುಖ್ಯ’, ರಕ್ಕೆ ‘ಆಸ್ಪತ್ರೆ’, ಲಕ್ಕೆ ‘ಇಲ್ಲಿ’. ಹೊಸ ಬೋರ್ಡಿನಲ್ಲಿ ಅನುಮಾನ ಬಂದರೆ ಮನಸ್ಸಿನಲ್ಲಿ ಈ ಹಳೇ ಬೋರ್ಡುಗಳ ಪಕ್ಕ ಇಟ್ಟು ನೋಡುವುದು.

ರ ಒತ್ತಿನ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ‘ಕೃಷ್ಣರಾಜೇಂದ್ರ ಮಾರುಕಟ್ಟೆ’ ಅನ್ನುವ ಹೆಸರಿನಲ್ಲಿ ಶುರುವಿಗೇ ಕೃ ಇದೆ, ನಡುವೆ ದ್ರ ಇದೆ. ಎರಡರ ಕೆಳಗೂ ಬಲಕ್ಕೆ ಹೊರಳುವ ಗೀಟು. ದೂರದಿಂದ ಒಂದೇ ಥರ ಕಾಣುತ್ತದೆ, ಮಾತಿನಲ್ಲೂ ಬಹಳ ಜನ ‘ಕ್ರುಷ್ಣ’ ಅನ್ನುತ್ತಾರೆ. ಬೇರೆ ಮಾಡುವುದು ಹೇಗೆ? ಆಂಟಿ ಹೇಳಿದ್ದು ನನಗೆ ಇವತ್ತಿಗೂ ಉಪಯೋಗಕ್ಕೆ ಬರುತ್ತದೆ. ವಟ್ರಸುಳಿ ತಾನೇ ಸ್ವರ. ಒಂದು ಅಕ್ಷರಕ್ಕೆ ಎರಡು ಸ್ವರ ಹಾಕಲು ಬರುವುದಿಲ್ಲ, ಹಾಗಾಗಿ ಅದು ಇರುವ ಅಕ್ಷರದ ಮೇಲೆ ಗುಡಿಸು, ಏತ್ವ ಯಾವುದೂ ಇರುವುದಿಲ್ಲ. ರ ಒತ್ತು ವ್ಯಂಜನ, ಅದರ ಜೊತೆ ಯಾವ ಸ್ವರವಾದರೂ ಬರಬಹುದು: ಕ್ರಿಕೆಟ್, ಪ್ರೆಸ್, ಪ್ರೀತಿ. ತಲೆಯ ಮೇಲೆ ಇನ್ನೊಂದು ಗುರುತು ಕಂಡರೆ ಕೆಳಗಿರುವುದು ರ ಒತ್ತೇ, ಯೋಚನೆ ಬೇಡ. ತಲೆ ಬರಿದಾಗಿದ್ದರೆ ಮಾತ್ರ ಕೆಳಗಿನ ಗೀಟನ್ನು ಸರಿಯಾಗಿ ನೋಡಬೇಕು. ಒತ್ತು ಅಕ್ಷರದ ಅಡಿಯಿಂದಲೇ ಹೊರಡುತ್ತದೆ, ವಟ್ರಸುಳಿ ಬಲಬದಿಯಲ್ಲಿ ಸುತ್ತಿಕೊಳ್ಳುತ್ತದೆ.

ರ ಎರಡನೆಯದಾಗಿ ಬಂದರೆ ಹೀಗೆ. ಮೊದಲನೆಯದಾಗಿ ಬಂದರೆ? ಅದೇ ಅರ್ಕಾವತ್ತು. ‘ಹಸಿರು ಮಾರ್ಗ’ದಲ್ಲಿ ದಿನಾ ಓಡಾಡುವವಳಿಗೆ ಇದು ತಪ್ಪುವುದಿಲ್ಲ. ಮಾ ಆಯಿತು, ಗ ಆಯಿತು, ಗದ ಬಲಕ್ಕೆ ಕನ್ನಡದ ಒಂಬತ್ತರ ಅಂಕಿಯಂತೆ (೯) ಒಂದು ಗುರುತು. ಅದು ರ್. ಬರೆದಿರುವುದು ಗದ ನಂತರ, ಓದಬೇಕಾದದ್ದು ಗಕ್ಕಿಂತ ಮೊದಲು. ಮರಾಠಿಯಲ್ಲೂ ರಫಾರ ಅಂತ ಇದೆ, ಅದು ಮುಂದಿನ ಅಕ್ಷರದ ತಲೆಯ ಮೇಲೆ ಕೂರುತ್ತದೆ. ಹಾಗಾಗಿ ವಿಚಾರ ಹೊಸದಲ್ಲ, ಜಾಗ ಹೊಸದು. ಕನ್ನಡದಲ್ಲಿ ಕಣ್ಣು ಒಂದು ಅಕ್ಷರ ಮುಂದೆ ಹೋಗಿ ಹಿಂದೆ ಬರಬೇಕು.

ಅರ್ಕಾವತ್ತನ್ನು ನಾನು ನಿಜವಾಗಿ ಕಲಿತದ್ದು ವಿಧಾನಸೌಧದ ಮುಂದೆ. ಭಾನುವಾರ ಕಬ್ಬನ್ ಪಾರ್ಕಿಗೆ ಹೋದವಳು ಹಾಗೇ ಅಂಬೇಡ್ಕರ್ ವೀಧಿಗೆ ಬಂದೆ. ಕಟ್ಟಡದ ಮೇಲೆ ‘ಸರ್ಕಾರದ ಕೆಲಸ ದೇವರ ಕೆಲಸ’ ಅಂತ ಬರೆದಿದೆ, ಎಲ್ಲರಿಗೂ ಗೊತ್ತಿರುವುದೇ. ನಾಲ್ಕು ಪದದಲ್ಲಿ ಮೂರು ಸಲೀಸು. ಕೆಲಸ, ದೇವರ, ಕೆಲಸ: ಎರಡು ಕಡೆ ಗಿಡ್ಡ ಏತ್ವ, ಒಂದು ಕಡೆ ಕೊಕ್ಕೆ ಇರುವ ಏತ್ವ. ಉಳಿದದ್ದು ಮೊದಲ ಪದ. ಕಣ್ಣಿಗೆ ಕಾಣುವ ಸಾಲು ಹೀಗಿದೆ: ಸ, ಕಾ, ಒಂಬತ್ತು, ರ, ದ. ಒಂಬತ್ತನ್ನು ಕಂಡ ಕೂಡಲೇ ಅದರ ಹಿಂದಿನ ಅಕ್ಷರ ಯಾವುದು ಅಂತ ನೋಡಬೇಕು. ಕಾ. ಅದರಲ್ಲಿ ಇಳಿಯೂ ಸೇರಿದೆ, ಅಂದರೆ ಒಂಬತ್ತು ಬಂದಿರುವುದು ವ್ಯಂಜನ, ಸ್ವರ ಎರಡೂ ಮುಗಿದ ಮೇಲೆ. ಆ ಇಡೀ ‘ಕಾ’ದ ಮುಂಚೆ ರ್ ಹೇಳಬೇಕು. ರ್ಕಾ. ಸ-ರ್ಕಾ-ರ-ದ. ಗೇಟಿನ ಹತ್ತಿರ ಇದ್ದ ಪೊಲೀಸಪ್ಪ ‘ಏನ್ ಮೇಡಂ, ಅಷ್ಟೊತ್ತಿಂದ ನೋಡ್ತಿದ್ದೀರಾ?’ ಅಂದರು. ಓದ್ತಾ ಇದ್ದೀನಿ ಸರ್ ಅಂದೆ. ‘ಓದಿ ಓದಿ, ಒಳಗಿರೋರೂ ಒಂದ್ಸಲ ಓದ್ಲಿ’ ಅಂತ ನಕ್ಕರು.

ಅಲ್ಲಿಗೆ ಎಲ್ಲವೂ ಕೈಗೆ ಬಂತು ಅಂದುಕೊಳ್ಳುವ ಹೊತ್ತಿಗೆ ನನ್ನ ಮನೆಯ ಪಕ್ಕದ ಸ್ಟೇಷನ್ನೇ ಬಾಕಿ ಇತ್ತು. ಬನಶಂಕರಿಯ ಮುಂದಿನದು, ಎಲ್ಲರೂ ಆರ್.ವಿ. ರೋಡ್ ಅನ್ನುವುದು. ಪೂರ್ತಿ ಹೆಸರು ‘ರಾಷ್ಟ್ರೀಯ ವಿದ್ಯಾಲಯ ರಸ್ತೆ’. ಮೊದಲ ಪದದ ಎರಡನೇ ಅಕ್ಷರದಲ್ಲಿ ಮೂರು ವ್ಯಂಜನ ಒಂದರ ಕೆಳಗೆ ಒಂದು ಪಕ್ಕಕ್ಕೆ ಒಂದು ಸೇರಿಕೊಂಡಿವೆ. ನೋಟ್‌ಬುಕ್ಕಿನಲ್ಲಿ ಅದನ್ನು ಮೂರು ಸಲ ದೊಡ್ಡದಾಗಿ ಬರೆದು ಬಿಡಿಸಿದೆವು. ಮೇಲೆ ಷ, ಅದರ ತಲೆಯ ಮೇಲೆ ಗುಡಿಸು. ಷದ ಅಡಿಯಲ್ಲಿ ಪುಟ್ಟ ಟ. ಅದರ ಆಚೆ ರ ಒತ್ತಿನ ಬಳ್ಳಿ. ಎಲ್ಲ ಮುಗಿದ ಮೇಲೆ ಬಲಕ್ಕೆ ದೀರ್ಘದ ಕೊಕ್ಕೆ. ಅಂದರೆ ‘ಈ’ ಅನ್ನುವ ಒಂದೇ ಸ್ವರ ಎರಡು ತುಂಡಾಗಿದೆ: ಗುಡಿಸು ಎಡಕ್ಕೆ ಷದ ತಲೆಯಲ್ಲಿ, ಕೊಕ್ಕೆ ಬಲತುದಿಯಲ್ಲಿ, ನಡುವೆ ಇಬ್ಬರು ಒತ್ತಿನವರು. ಕಣ್ಣು ಗುಡಿಸು ನೋಡಿ ‘ಇ’ ಅಂತ ತೀರ್ಮಾನ ಮಾಡಿಬಿಟ್ಟರೆ ಕೊಕ್ಕೆ ತಪ್ಪಿಹೋಗುತ್ತದೆ. ಆಂಟಿಯ ಮೆಟ್ಟಿಲಿನ ಕ್ರಮವೇ ಇಲ್ಲೂ ನಡೆಯಿತು. ಷ್, ಇಳಿದು ಟ್, ಇನ್ನೂ ಇಳಿದು ರ್, ಮೇಲೆ ಹತ್ತಿ ಗುಡಿಸು, ಬಲಕ್ಕೆ ನೋಡಿ ದೀರ್ಘ. ಷ್ಟ್ರೀ. ‘ವಿದ್ಯಾ’ ಅದರ ಮುಂದೆ ಮಕ್ಕಳಾಟ: ದ್, ಯ, ಇಳಿ.

ಇದೇ ಜೋಡಣೆಯ ಚಿಕ್ಕ ತಮ್ಮ ನಮ್ಮ ಬೀದಿಯ ಕೊನೆಯಲ್ಲೇ ಇದ್ದ. ತಳ್ಳುಗಾಡಿಯ ಮೇಲೆ ಬಿಳಿ ಪೇಂಟಿನಲ್ಲಿ ‘ಇಸ್ತ್ರಿ ಅಂಗಡಿ’. ಸ್, ತ್, ರ್, ಗುಡಿಸು. ಕೊಕ್ಕೆ ಇಲ್ಲ, ಹಾಗಾಗಿ ಗಿಡ್ಡ. ಮುಂದೆ ಒಂದು ಸ್ವಸಹಾಯ ಸಂಘದ ಬೋರ್ಡಿನಲ್ಲಿ ‘ಸ್ತ್ರೀಶಕ್ತಿ’ ಕಂಡಾಗ ಕೊಕ್ಕೆಯೊಂದೇ ವ್ಯತ್ಯಾಸ ಅಂತ ತಕ್ಷಣ ಗೊತ್ತಾಯಿತು.

ಓದಲಾಗದ ಬೋರ್ಡುಗಳೂ ಇವೆ, ಎಲ್ಲ ತಪ್ಪೂ ಓದುವವರದ್ದಲ್ಲ. 2024ರ ತಿದ್ದುಪಡಿ ಕಾನೂನಿನಂತೆ ಅಂಗಡಿ ಬೋರ್ಡಿನಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು ಅಂತಾದ ಮೇಲೆ ಬಹಳ ಅಂಗಡಿಗಳು ಫ್ಲೆಕ್ಸ್ ಬದಲಾಯಿಸಿದವು. ನಮ್ಮ ಕಡೆ ಒಂದು ಬೋರ್ಡಿನಲ್ಲಿ ‘ರಸ್ತೆ’ ಬದಲು ಸ್ ಬೇರೆ, ತೆ ಬೇರೆ ಅಂತ ಪಕ್ಕಪಕ್ಕ ನಿಂತಿದ್ದವು. ಇನ್ನೊಂದರಲ್ಲಿ ಏತ್ವ ಅಕ್ಷರ ಬಿಟ್ಟು ಚುಕ್ಕಿಗಳ ವೃತ್ತದ ಮೇಲೆ ಒಂಟಿಯಾಗಿ ಕೂತಿತ್ತು. ಕನ್ನಡ ಜೋಡಿಸಲು ಗೊತ್ತಿಲ್ಲದ ಡಿಸೈನ್ ಸಾಫ್ಟ್‌ವೇರಿನಲ್ಲಿ ಅಕ್ಷರ ಹಾಕಿದರೆ ಹೀಗಾಗುತ್ತದೆ. ಟೈಪ್ ಮಾಡಿದ್ದು ಸರಿಯೇ ಇರುತ್ತದೆ, ಅದು ಒತ್ತಾಗಿ ಕೆಳಗೆ ಇಳಿಯುವುದಿಲ್ಲ. ಗುರುತಿಸುವುದು ಸುಲಭ. ಕನ್ನಡ ಪದಗಳಿರುವ ಇಡೀ ಬೋರ್ಡಿನಲ್ಲಿ ಒಂದೂ ಒತ್ತಕ್ಷರ ಇಲ್ಲ, ಪದದ ನಡುವೆಯೇ ್ ಗುರುತು ಮತ್ತೆ ಮತ್ತೆ ಬಂದಿದೆ ಅಂದರೆ ಅದು ಮುರಿದ ಬೋರ್ಡು. ವಿಚಿತ್ರ ಅಂದರೆ, ಕಲಿಯುವವರಿಗೆ ಅದು ಓದಲು ಸುಲಭ. ಎಲ್ಲ ಉಚ್ಚಾರದ ಕ್ರಮದಲ್ಲೇ ಬಿಡಿಬಿಡಿಯಾಗಿ ಇರುತ್ತದಲ್ಲ! ಕನ್ನಡದಲ್ಲೇ ಓದಿ ಬೆಳೆದವರಿಗೆ ಮಾತ್ರ ಅದು ಹಲ್ಲಿಗೆ ಕಲ್ಲು ಸಿಕ್ಕಂತೆ. ಆಂಟಿ ಆ ಅಂಗಡಿಗೆ ಹೋಗಿ ಹೇಳಿಯೂ ಬಂದರು. ಅವರು ‘ಪ್ರಿಂಟಿಂಗ್‌ನವ್ರು ಹಂಗೇ ಕೊಟ್ರು ಆಂಟಿ’ ಅಂದರಂತೆ.

ಆದರೆ ನಡುವೆ ್ ಬಂದದ್ದೆಲ್ಲ ಮುರಿದದ್ದಲ್ಲ. ‘ರಾಜ್‌ಕುಮಾರ್’ ಅಂತ ಜ್ ಬಿಡಿಸಿ ಬರೆಯುವುದು ಬೇಕೆಂದೇ. ಎರಡು ಪದ ಸೇರಿದ ಜಾಗ ಅದು. ಅದನ್ನೇ ಜದ ಅಡಿಯಲ್ಲಿ ಕ ಒತ್ತು ಹಾಕಿ ಬರೆದ ಬೋರ್ಡುಗಳೂ ಇವೆ. ಓದು ಒಂದೇ, ಆದರೆ ಜದ ಕೆಳಗೆ ಕ ನೋಡಿ ಅಭ್ಯಾಸ ಇಲ್ಲದ ಕಣ್ಣು ಒಂದು ಕ್ಷಣ ನಿಲ್ಲುತ್ತದೆ. ಫೋನಿನಲ್ಲಿ ಹೀಗೆ ಬಿಡಿಸಿ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕಾಗುತ್ತದೆ, ಕೆಲವು ಕೀಬೋರ್ಡಿನಲ್ಲಿ ಅದಕ್ಕೇ ಒಂದು ಕೀ ಇದೆ. ಅದು ಇಲ್ಲದಿದ್ದರೆ ಫೋನು ಜ್ ಮತ್ತು ಕ ಅಕ್ಕಪಕ್ಕ ಕಂಡ ಕೂಡಲೇ ಒತ್ತು ಮಾಡಿಬಿಡುತ್ತದೆ.

ನನ್ನನ್ನು ಈಗಲೂ ನಿಧಾನ ಮಾಡುವುದು ಟೈಲರ್ ಅಂಗಡಿಗಳು. ‘ಟೈಲರ್ಸ್’ ಅನ್ನುವುದನ್ನು ಕೆಲವರು ಸ್ ಬರೆದು ಪಕ್ಕದಲ್ಲಿ ಅರ್ಕಾವತ್ತು ಹಾಕುತ್ತಾರೆ. ಆಗ ಒಂದೇ ಅಕ್ಷರಕ್ಕೆ ತಲೆಯಲ್ಲಿ ‘ಅ’ ಇಲ್ಲ ಅನ್ನುವ ಗುರುತು, ಬಲಕ್ಕೆ ಒಂಬತ್ತು. ಇನ್ನು ಕೆಲವರು ರ್ ದೊಡ್ಡದಾಗಿ ಬರೆದು ಅದರ ಕಾಲಡಿಗೆ ಸ ಒತ್ತು ಇಡುತ್ತಾರೆ. ‘ಸೂರ್ಯ’ವನ್ನೂ ಈ ಎರಡು ಥರ ಬರೆದಿರುವುದು ನೋಡಿದ್ದೇನೆ. ಯಾವುದು ಸರಿ ಅಂತ ಆಂಟಿಯನ್ನು ಕೇಳಿದರೆ ‘ಎರಡೂ ನಡೆಯತ್ತೆ, ಶಾಲೇಲಿ ನಾವು ಅರ್ಕಾವತ್ತೇ ಹೇಳ್ಕೊಡೋದು’ ಅಂದರು. ಒಮ್ಮೆ ಹನುಮಂತನಗರದಲ್ಲಿ ಶಟರಿನ ಮೇಲೆ ಬೋರ್ಡು ಬರೆಯುತ್ತಿದ್ದ ಪೇಂಟರ್ ಸಿಕ್ಕಿದರು. ಅವರನ್ನೇ ಕೇಳಿದೆ, ನೀವು ಯಾವಾಗ ಯಾವುದು ಹಾಕ್ತೀರಾ ಅಂತ.

ಬ್ರಷ್ ತೆಗೆಯದೆ ಹೇಳಿದರು: ‘ಪಕ್ಕದಲ್ಲಿ ಜಾಗ ಇದ್ರೆ ಅರ್ಕಾವತ್ತು, ಕೆಳಗೆ ಜಾಗ ಇದ್ರೆ ಒತ್ತು. ಓದೋದು ಒಂದೇ ಅಲ್ವಾ ಮೇಡಂ?’